ರಾತ್ರಿ, ಬೀದಿ, ಲಾಂದ್ರ

ನಮಸ್ಕಾರ ಕೇಳುಗರೇ.

ರಷ್ಯನ್ ಕವಿ ಅಲೆಕ್ಸಾಂಡರ್ ಬ್ಲೋಕ್ 1912ರ ಅಕ್ಟೋಬರಿನಲ್ಲಿ ಎಂಟು ಸಾಲಿನ ಒಂದು ಕವಿತೆ ಬರೆದರು. ಮೊದಲ ಸಾಲು ಹೀಗಿದೆ: ‘ನೋಚ್, ಊಲಿತ್ಸ, ಫನಾರ್, ಅಪ್ತ್ಯೇಕ.’ ರಾತ್ರಿ, ಬೀದಿ, ದೀಪ, ಔಷಧಿ ಅಂಗಡಿ. ಕ್ರಿಯಾಪದವೇ ಇಲ್ಲ. ಇನ್ನೂ ಕಾಲು ಶತಮಾನ ಬದುಕಿದರೂ ಎಲ್ಲ ಹೀಗೇ, ಸತ್ತರೂ ಮತ್ತೆ ಮೊದಲಿನಿಂದ ಶುರು ಅನ್ನುತ್ತದೆ ಕವಿತೆ. ಕೊನೆಯ ಸಾಲಿನಲ್ಲಿ ಅವೇ ವಸ್ತುಗಳು ತಿರುಗಿ ಬರುತ್ತವೆ, ಈ ಸಲ ಅಂಗಡಿ ಮೊದಲು.

ಇದನ್ನು ಕನ್ನಡಕ್ಕೆ ತರಲು ಕೂತೆ. ರಷ್ಯನ್ ಲಯ ಒತ್ತಿನ ಮೇಲೆ ನಿಂತಿದೆ. ಒತ್ತಿಲ್ಲದ್ದು, ಒತ್ತಿದ್ದು ಎಂಬ ಜೋಡಿ ಸಾಲಿಗೆ ನಾಲ್ಕು ಸಲ. ನಮ್ಮದು ಮಾತ್ರೆಯ ಲೆಕ್ಕ. ಒತ್ತಿನ ಜಾಗದಲ್ಲಿ ಗುರು ಇಟ್ಟು, ಲಘು-ಗುರು, ಲಘು-ಗುರು ಅಂತ ಬರೆದು ನೋಡಿದೆ. ನಡಿಗೆ ಕುಂಟಿತು. ಗಣ ಹಾಗೆ ಶುರುವಾಗುವುದನ್ನು ನಮ್ಮ ಷಟ್ಪದಿಗಳೂ ಒಪ್ಪುವುದಿಲ್ಲ, ಅಲ್ವಾ? ಆಮೇಲೆ ಕಣ್ಣಿಗೆ ಬಿತ್ತು: ರಾತ್ರಿ, ಬೀದಿ, ದೀಪ ಮೂರೂ ಗುರು-ಲಘು. ತಲಾ ಮೂರು ಮಾತ್ರೆ. ಲಯ ಆ ಪದಗಳಲ್ಲೇ ಇತ್ತು.

ಗೆಳೆಯನೊಬ್ಬನಿಗೆ ಓದಿ ಹೇಳಿದೆ. ಅವನಿಗೆ ಕೇಳಿಸಿದ್ದು ‘ಬೀದಿದೀಪ’. ಎರಡು ವಸ್ತು ಒಂದಾಗಿಬಿಟ್ಟಿದ್ದವು! ಅಲ್ಪವಿರಾಮ ಕಿವಿಗೆ ಕಾಣುವುದಿಲ್ಲವಲ್ಲ. ಹಾಗಾಗಿ ದೀಪ ಬಿಟ್ಟು ಲಾಂದ್ರ ತಂದೆ. ಅದೂ ಮೂರೇ ಮಾತ್ರೆ.

ಅಂಗಡಿಯ ಹೆಸರಿಗೆ ಜಾಸ್ತಿ ದಿನ ಹಿಡಿಯಿತು. ‘ಔಷಧಾಲಯ’ ಅಂದರೆ ಯಾರೋ ಗುಣವಾಗುವ ಆಸೆ ಮೂಡುತ್ತದೆ, ಕವಿತೆಯಲ್ಲಿ ಆ ಆಸೆ ಇಲ್ಲ. ‘ಮದ್ದು’ ಒರಟು ಪದ. ಮದ್ದು ಹಾಕುವುದು ಅನ್ನುವ ಕತ್ತಲೆಯ ಅರ್ಥವೂ ಅದಕ್ಕಿದೆ. ‘ರಾತ್ರಿ, ಬೀದಿ, ಲಾಂದ್ರ, ಮದ್ದಿನಂಗಡಿ.’ ಮೂರು ಮಾತ್ರೆಯ ಐದು ಗಣ, ಕೊನೆಗೆ ಒಂದು ‘ಡಿ’ ಉಳಿಯುತ್ತದೆ. ಸಾಲಿನ ತುದಿಯಲ್ಲಿ ಅದು ತೊಂದರೆ ಮಾಡುವುದಿಲ್ಲ. ಆದರೆ ಕೊನೆಯ ಸಾಲಿಗೆ ಇದೇ ಪದ ಮೊದಲು ಬರಬೇಕು. ಆಗ ಆ ‘ಡಿ’ ಮುಂದಿನ ‘ಬೀದಿ’ಯನ್ನು ತಳ್ಳಿ ತಾಳ ಕೆಡಿಸುತ್ತದೆ. ಅದಕ್ಕೆ ಎರಡು ಮಾತ್ರೆಯ ‘ಅದೆ’ ಸೇರಿಸಿದೆ. ಮೂಲದ ಆ ಸಾಲಿನಲ್ಲಿ ಈ ಪದವಿಲ್ಲ, ನಿಜ. ಆದರೆ ಎಲ್ಲವೂ ಹಿಂದಿನಂತೆಯೇ ಎಂಬ ಮಾತು ಎರಡು ಸಾಲು ಮೇಲೆ ಇದೆ. ಅಲ್ಲಿಂದ ಎರವಲು ತಂದೆ.

ಭಾವದ ವಿಷಯದಲ್ಲಿ ಎಚ್ಚರ ಬೇಕಾದದ್ದು ಸಾವಿನ ಸಾಲಿನಲ್ಲಿ. ‘ಮರುಹುಟ್ಟು’, ‘ಬಿಡುಗಡೆಯಿಲ್ಲ’ ಅಂತ ಬರೆದರೆ ನಮಗೆ ಕರ್ಮ, ಮೋಕ್ಷ ನೆನಪಾಗುತ್ತವೆ. ಬ್ಲೋಕ್ ಅದನ್ನು ಹೇಳುತ್ತಿಲ್ಲ. ದನಿ ಏರಿಸದೆ, ಸುಮ್ನೆ ಹೇಳುತ್ತಾರೆ. ನಾನೂ ಹಾಗೇ ಬರೆದೆ: ‘ಸತ್ತೆ, ಮತ್ತೆ ಮೊದಲಿನಿಂದ ಶುರು.’

ರಷ್ಯನ್ನಿನಲ್ಲಿ ಮೊದಲ ಸಾಲಿಗೆ ಒಂಬತ್ತು ಅಕ್ಷರ, ಕೊನೆಯದಕ್ಕೆ ಎಂಟು. ಕನ್ನಡದಲ್ಲೂ ಮೊದಲ ಸಾಲಿನ ತುದಿಯ ‘ಡಿ’ ಕೊನೆಯದರಲ್ಲಿ ಹೊರಗೆ ಉಳಿದಿಲ್ಲ. ಕೇಳಿ:

ಮದ್ದಿನಂಗಡಿ, ಅದೆ ಬೀದಿ, ಲಾಂದ್ರ.