10 ರೂಪಾಯಿ ಇಳಿಸಿದರೆ ಎಷ್ಟು ರೊಟ್ಟಿ ಹೆಚ್ಚು ಮಾರಬೇಕು?

ಕೇಳುಗರಿಗೆ ನಮಸ್ಕಾರ.

ಗಿರಾಕಿಗಳು ಹೆಚ್ಚಲಿ ಎಂದು ಬೆಲೆ ಇಳಿಸುವ ಆಲೋಚನೆ ಸಣ್ಣ ಉದ್ದಿಮೆ ನಡೆಸುವವರಿಗೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಬೆಲೆ ಇಳಿದರೆ ಮಾರಾಟ ಹೆಚ್ಚೀತೇ ಎಂದು ಆಗ ಎಲ್ಲರೂ ಕೇಳುತ್ತಾರೆ. ಎಷ್ಟು ಹೆಚ್ಚಿದರೆ ಇಂದಿನ ಲಾಭ ಇಂದಿನಷ್ಟೇ ಉಳಿಯುತ್ತದೆ ಎಂದು ಕೇಳುವವರು ಕಡಿಮೆ. ಈ ಎರಡನೆಯ ಪ್ರಶ್ನೆಗೆ ಬೆಲೆ ಇಳಿಸುವ ಮೊದಲೇ, ಒಂದು ಹಾಳೆಯ ಮೇಲೆ ಉತ್ತರ ಕಂಡುಕೊಳ್ಳಬಹುದು. ಅದನ್ನು ಸರಿದೂಗುವ ಮಾರಾಟದ ಲೆಕ್ಕ ಎನ್ನೋಣ.

ವಿಜಯಪುರದಲ್ಲಿ ಒಬ್ಬ ತಾಯಿ ಖಡಕ್ ಜೋಳದ ರೊಟ್ಟಿಯ ಕೇಂದ್ರ ನಡೆಸುತ್ತಿದ್ದಾರೆಂದು ಭಾವಿಸೋಣ. ಅಂಕಿಗಳೆಲ್ಲ ಉದಾಹರಣೆಗಾಗಿ ಇಟ್ಟುಕೊಂಡವು; ನಿಮ್ಮ ನಿಮ್ಮ ಅಂಕಿಗಳನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಬಹುದು. 10 ರೊಟ್ಟಿಯ ಒಂದು ಕಟ್ಟಿಗೆ 100 ರೂಪಾಯಿ ಬೆಲೆ. ತಿಂಗಳಿಗೆ 1,500 ಕಟ್ಟು ಮಾರಾಟವಾಗುತ್ತದೆ. ಒಂದು ಕಟ್ಟಿಗೆ ಜೋಳ ಮತ್ತು ಬೀಸುವ ಕೂಲಿ ಸೇರಿ 30 ರೂಪಾಯಿ, ರೊಟ್ಟಿ ಬಡಿಯುವವರಿಗೆ ರೊಟ್ಟಿಗೆ 2 ರೂಪಾಯಿಯಂತೆ 20 ರೂಪಾಯಿ, ಗ್ಯಾಸಿಗೆ 5, ಪ್ಯಾಕಿಂಗಿಗೆ 5, ಹೀಗೆ ಒಟ್ಟು 60 ರೂಪಾಯಿ ಖರ್ಚು. ಈ 60 ರೂಪಾಯಿ ಕಟ್ಟಿನ ಜೊತೆಗೇ ಹುಟ್ಟುವ ಖರ್ಚು: ಒಂದು ಕಟ್ಟು ಹೆಚ್ಚು ಮಾಡಿದರೆ ಇದೂ ಹೆಚ್ಚುತ್ತದೆ, ಮಾಡದಿದ್ದರೆ ಇದೂ ಇಲ್ಲ. 100ರಲ್ಲಿ 60 ಕಳೆದರೆ ಪ್ರತಿ ಕಟ್ಟಿಗೆ 40 ರೂಪಾಯಿ ಉಳಿಕೆ, ತಿಂಗಳಿಗೆ 60,000 ರೂಪಾಯಿ. ಇದರಲ್ಲಿ ಬಾಡಿಗೆ, ಸಾಲದ ಕಂತು, ಅಂಗಡಿಯಲ್ಲಿ ಕುಳಿತುಕೊಳ್ಳುವ ಹುಡುಗನ ಪಗಾರ ಮುಂತಾದ ತಿಂಗಳ ಸ್ಥಿರ ಖರ್ಚಿಗೆ 30,000 ಹೋಗಿ, ಉಳಿದ 30,000 ರೂಪಾಯಿ ಲಾಭವಾಗುತ್ತದೆ.

ಈಗ ಆಕೆ ಕಟ್ಟಿನ ಬೆಲೆಯನ್ನು 90 ರೂಪಾಯಿಗೆ ಇಳಿಸಬೇಕೆಂದಿದ್ದಾರೆ. ಬೆಲೆಯಲ್ಲಿ ನೂರಕ್ಕೆ ಹತ್ತು ಇಳಿಯಿತು, ಮಾರಾಟವೂ ನೂರಕ್ಕೆ ಹತ್ತೋ ಹನ್ನೊಂದೋ ಹೆಚ್ಚಿದರೆ ಸರಿಹೋಗುತ್ತದೆ ಎಂದು ಮನಸ್ಸು ಹೇಳುತ್ತದೆ. ಇಲ್ಲಿಯೇ ಲೆಕ್ಕ ತಪ್ಪುವುದು. ಹೊಸ ಬೆಲೆಯಲ್ಲಿ ಉಳಿಕೆ 40ರಿಂದ 30 ರೂಪಾಯಿಗೆ ಇಳಿಯುತ್ತದೆ. ಬೆಲೆಯಲ್ಲಿ ಹತ್ತರಲ್ಲಿ ಒಂದು ಪಾಲು ಹೋದರೆ, ಉಳಿಕೆಯಲ್ಲಿ ನಾಲ್ಕರಲ್ಲಿ ಒಂದು ಪಾಲು ಹೋಗುತ್ತದೆ. ಮೊದಲಿನ 60,000 ರೂಪಾಯಿ ಉಳಿಕೆ ಬರಬೇಕಾದರೆ 60,000ವನ್ನು 30ರಿಂದ ಭಾಗಿಸಬೇಕು. 2,000 ಕಟ್ಟು ಬರುತ್ತದೆ. ಅಂದರೆ 500 ಕಟ್ಟು ಹೆಚ್ಚು, ನೂರಕ್ಕೆ ಮೂವತ್ತಮೂರು ಹೆಚ್ಚು.

ಇದೇ ಉತ್ತರಕ್ಕೆ ಇನ್ನೊಂದು ದಾರಿಯಿಂದಲೂ ಬರಬಹುದು, ಮತ್ತು ನನಗೆ ಆ ದಾರಿಯೇ ಹೆಚ್ಚು ತಿಳಿಯಾಗಿ ಕಾಣುತ್ತದೆ. ಬೆಲೆ ಇಳಿಸಿದ ದಿನ ಹೊಸ ಗಿರಾಕಿ ಇನ್ನೂ ಅಂಗಡಿಯ ಮೆಟ್ಟಿಲು ಹತ್ತಿರುವುದಿಲ್ಲ. ಆದರೆ 100 ರೂಪಾಯಿಗೆ ತಕರಾರಿಲ್ಲದೆ ಒಯ್ಯುತ್ತಿದ್ದ ಹಳೆಯ ಗಿರಾಕಿಗಳ ಕೈಗೆ ಅಂದೇ ಕಟ್ಟಿಗೆ 10 ರೂಪಾಯಿಯಂತೆ ಹಣ ಮರಳಿ ಹೋಗತೊಡಗುತ್ತದೆ. 1,500 ಕಟ್ಟಿಗೆ ತಿಂಗಳಿಗೆ 15,000 ರೂಪಾಯಿ. ಈ ಹಣವನ್ನು ತುಂಬಿಕೊಡಬೇಕಾದವರು ಹೊಸ ಗಿರಾಕಿಗಳು, ಅವರು ತರುವುದು ಕಟ್ಟಿಗೆ 30 ರೂಪಾಯಿ ಮಾತ್ರ. 15,000ವನ್ನು 30ರಿಂದ ಭಾಗಿಸಿದರೆ ಅದೇ 500 ಕಟ್ಟು. ಇದನ್ನು ಸೂತ್ರವಾಗಿ ಹೇಳುವುದಾದರೆ, ಇಳಿಸಿದ ಮೊತ್ತವನ್ನು ಇಳಿಸಿದ ಮೇಲಿನ ಉಳಿಕೆಯಿಂದ ಭಾಗಿಸಿದರೆ ಮಾರಾಟ ಎಷ್ಟು ಪಾಲು ಹೆಚ್ಚಬೇಕೆಂಬುದು ಸಿಗುತ್ತದೆ. 10 ಭಾಗಿಸು 30, ಮೂರನೆಯ ಒಂದು ಪಾಲು. ಬೆಲೆಯನ್ನು 80ಕ್ಕೆ ಇಳಿಸಿದರೆ 20 ಭಾಗಿಸು 20. ಮಾರಾಟ ಇಮ್ಮಡಿಯಾಗಿ 3,000 ಕಟ್ಟು ಆಗಬೇಕು. ಮೊದಲ 10 ರೂಪಾಯಿಗೆ 500 ಕಟ್ಟು ಸಾಕಾಗಿದ್ದರೆ, ಎರಡನೆಯ 10 ರೂಪಾಯಿ ಅದರ ಮೇಲೆ ಇನ್ನೂ 1,000 ಕಟ್ಟು ಬೇಡುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ.

ಈ ಸೂತ್ರದಲ್ಲಿ ಬಾಡಿಗೆ, ಸಾಲದ ಕಂತು ಎಲ್ಲಿಯೂ ಬರಲಿಲ್ಲವೆಂದು ಕೆಲವರಿಗೆ ಅನುಮಾನ ಬರಬಹುದು. ಬೆಲೆ ಇಳಿಸಿದರೂ ಇಳಿಸದಿದ್ದರೂ ಅವು ಅಷ್ಟೇ ಇರುವುದರಿಂದ ಎರಡೂ ಕಡೆ ಸಮವಾಗಿ ನಿಲ್ಲುತ್ತವೆ, ಆದ್ದರಿಂದ ಈ ಹೋಲಿಕೆಯಲ್ಲಿ ಅವುಗಳ ಕೆಲಸವಿಲ್ಲ. ಅವು ಹೆಚ್ಚುವಂತಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತವೆ, ಆ ಮಾತಿಗೆ ಮುಂದೆ ಬರುತ್ತೇನೆ.

ಅದಕ್ಕೂ ಮೊದಲು ಗಲ್ಲಾಪೆಟ್ಟಿಗೆಯ ವಿಷಯ ಹೇಳಬೇಕು, ಏಕೆಂದರೆ ನಷ್ಟ ಕಣ್ಣಿಗೆ ಬೀಳದಂತೆ ಮಾಡುವುದು ಅದೇ. ಬೆಲೆ ಇಳಿಸಿದ ಮೇಲೆ ತಿಂಗಳಿಗೆ ಸುಮಾರು 1,667 ಕಟ್ಟು ಹೋಯಿತೆಂದಿಟ್ಟುಕೊಳ್ಳಿ. 90 ರೂಪಾಯಿಯಂತೆ ಗಲ್ಲಾಕ್ಕೆ ಹೆಚ್ಚುಕಡಿಮೆ 1,50,000 ರೂಪಾಯಿ ಬರುತ್ತದೆ. ಮೊದಲೂ ಅಷ್ಟೇ ಬರುತ್ತಿತ್ತು. ಅಂಗಡಿಯಲ್ಲಿ ಜನ ಹೆಚ್ಚು, ಹಂಚುಗಳು ಇನ್ನೂ ಹೆಚ್ಚು ಹೊತ್ತು ಕಾಯುತ್ತಿವೆ, ಗಲ್ಲಾ ಕಡಿಮೆಯಾಗಿಲ್ಲ. ವ್ಯಾಪಾರ ಬೆಳೆಯುತ್ತಿದೆ ಎಂದೇ ಅನ್ನಿಸುತ್ತದೆ. ಆದರೆ ಉಳಿಕೆ 50,000ಕ್ಕೆ ಇಳಿದಿದೆ, ಸ್ಥಿರ ಖರ್ಚು ಕಳೆದರೆ ಲಾಭ 30,000ದ ಬದಲು 20,000. ಕೆಲಸ ಹೆಚ್ಚಾಗಿ ಲಾಭದ ಮೂರನೆಯ ಒಂದು ಪಾಲು ಹೋಗಿರುವುದು ಜೋಳದ ಅಂಗಡಿಯ ಬಾಕಿ ತೀರಿಸುವ ದಿನದವರೆಗೆ ತಿಳಿಯುವುದೇ ಇಲ್ಲ. ಆದ್ದರಿಂದ ಬೆಲೆ ಬದಲಿಸಿದ ತಿಂಗಳಲ್ಲಿ ಗಲ್ಲಾದ ಮೊತ್ತವನ್ನು ನೋಡಬೇಡಿ, ಕಟ್ಟುಗಳನ್ನು ಎಣಿಸಿ.

ಇಡೀ ಲೆಕ್ಕ ನಿಂತಿರುವುದು ಕಟ್ಟಿನೊಂದಿಗೆ ಹುಟ್ಟುವ ಖರ್ಚು ಯಾವುದೆಂದು ಸರಿಯಾಗಿ ಗುರುತಿಸುವುದರ ಮೇಲೆ, ಅದರಲ್ಲಿಯೂ ಕೂಲಿಯ ಮೇಲೆ. ನಮ್ಮ ಉದಾಹರಣೆಯಲ್ಲಿ ಬಡಿದ ರೊಟ್ಟಿಗೆ ಇಷ್ಟೆಂದು ಕೂಲಿ ಕೊಡುತ್ತಿದ್ದೆವು. ಅದರ ಬದಲು ಹೆಣ್ಣುಮಕ್ಕಳಿಗೆ ತಿಂಗಳ ಪಗಾರ ಗೊತ್ತುಮಾಡಿದ್ದು, ಮಧ್ಯಾಹ್ನದ ಹೊತ್ತು ಅವರ ಕೈಗೆ ಕೆಲಸವಿಲ್ಲದೆ ಹೋಗುತ್ತಿದ್ದರೆ, ಒಂದು ಕಟ್ಟು ಹೆಚ್ಚು ಮಾಡಿದ್ದಕ್ಕೆ ಕೂಲಿ ಹೆಚ್ಚುವುದಿಲ್ಲ. ಆಗ ಕಟ್ಟಿನ ಖರ್ಚು 40, ಉಳಿಕೆ 60. ಬೆಲೆ 10 ರೂಪಾಯಿ ಇಳಿಸಿದ ಮೇಲೆ ಉಳಿಕೆ 50. ಕಳೆದುಹೋಗುವ 15,000ವನ್ನು 50ರಿಂದ ಭಾಗಿಸಿದರೆ 300 ಕಟ್ಟು ಹೆಚ್ಚಿದರೆ ಸಾಕು. ಅದೇ ರೊಟ್ಟಿ, ಅದೇ ಬೆಲೆ, ಆದರೆ ಕೂಲಿಯ ಕರಾರು ಬೇರೆಯಾದ್ದರಿಂದ 500 ಇದ್ದದ್ದು 300 ಆಯಿತು. ಪಕ್ಕದ ಕೇಂದ್ರದವರು ಬೆಲೆ ಇಳಿಸಿಯೂ ಚೆನ್ನಾಗಿದ್ದಾರೆಂದು ನೋಡಿ ನಾವೂ ಇಳಿಸುವುದು ಅಪಾಯಕರವೆಂದು ನಾನು ಹೇಳುವುದಕ್ಕೆ ಇದೇ ಕಾರಣ. ಅವರ ಉಳಿಕೆ ಎಷ್ಟೆಂಬುದು ನಮಗೆ ಹೊರಗಿನಿಂದ ಕಾಣುವುದಿಲ್ಲ.

ಇನ್ನು ಸ್ಥಿರ ಖರ್ಚು ಹೆಚ್ಚುವ ಸಂದರ್ಭ. ತಿಂಗಳಿಗೆ 25 ದಿನ ಕೆಲಸವೆಂದರೆ ಈಗ ದಿನಕ್ಕೆ 60 ಕಟ್ಟು, 600 ರೊಟ್ಟಿ. ಒಬ್ಬರು ದಿನಕ್ಕೆ 150 ರೊಟ್ಟಿ ಬಡಿಯುವರೆಂದರೆ ನಾಲ್ಕು ಒಲೆಗೆ ನಾಲ್ವರು ಸಾಕು. 2,000 ಕಟ್ಟು ಮಾಡಬೇಕಾದರೆ ದಿನಕ್ಕೆ 800 ರೊಟ್ಟಿ. ಐವರಿಂದಲೂ ಆಗದು, ಆರನೆಯವರು ಬೇಕು. ಇನ್ನೆರಡು ಒಲೆ, ಹಂಚು, ಅವಕ್ಕೆ ಜಾಗ, ಹೀಗೆ ತಿಂಗಳಿಗೆ 3,000 ರೂಪಾಯಿ ಹೆಚ್ಚಿನ ಸ್ಥಿರ ಖರ್ಚು ಬಂದರೆ ಅದನ್ನೂ 30 ರೂಪಾಯಿಯ ಉಳಿಕೆಯಿಂದಲೇ ತುಂಬಬೇಕು, ಅಂದರೆ ಇನ್ನೂ 100 ಕಟ್ಟು. ಸರಿದೂಗುವ ಮಾರಾಟ ಈಗ 2,100 ಕಟ್ಟು, ದಿನಕ್ಕೆ 84. ಇಷ್ಟು ಮಾರಿದರೂ ಲಾಭ ಮೊದಲಿದ್ದಷ್ಟೇ. ಅದರ ಮೇಲಿನ ಕಟ್ಟಿನಿಂದ ಮಾತ್ರ ಬೆಲೆ ಇಳಿಸಿದ್ದಕ್ಕೆ ಫಲ.

84 ಕಟ್ಟು ನಿಜವಾಗಿ ಹೋಗುತ್ತಿದೆಯೇ ಎಂದು ನೋಡುವುದರಲ್ಲಿಯೂ ಎಚ್ಚರ ಬೇಕು. ಖಡಕ್ ರೊಟ್ಟಿ ಹಾಲು, ತರಕಾರಿಯಂತೆ ಅಂದೇ ಕೆಡುವ ಪದಾರ್ಥವಲ್ಲ. ತೇವ ತಾಗದಂತೆ ಇಟ್ಟರೆ ಬಹಳ ದಿನ ಬಾಳುತ್ತದೆ. ಬೆಲೆ ಇಳಿದ ವಾರ ಹಳೆಯ ಗಿರಾಕಿಯೇ ಎರಡು ಕಟ್ಟಿನ ಬದಲು ನಾಲ್ಕು ಒಯ್ದು ಡಬ್ಬಿಯಲ್ಲಿ ತುಂಬಿಡುತ್ತಾರೆ, ಮುಂದಿನ ವಾರ ಬರುವುದಿಲ್ಲ. ಅದು ಮುಂದಿನ ವಾರದ ಮಾರಾಟವೇ ಹೊರತು ಹೊಸದಲ್ಲ. ಹಾಗೆಯೇ ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆಗೆ ಊರೆಲ್ಲ ನೆಂಟರು ತುಂಬಿರುವಾಗ, ಅಥವಾ ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವ ಮನೆಗಳಿಗೆ ಬುತ್ತಿ ಬೇಕಾದಾಗ ಹೆಚ್ಚಿದ ಮಾರಾಟವನ್ನು ಬೆಲೆಯ ಲೆಕ್ಕಕ್ಕೆ ಬರೆಯಬಾರದು. ಹಬ್ಬವಿಲ್ಲದ ಒಂದು ತಿಂಗಳನ್ನು ಅಂಥದೇ ಇನ್ನೊಂದು ತಿಂಗಳಿನೊಂದಿಗೆ ಹೋಲಿಸಿ, ಬಂದವರಲ್ಲಿ ಹೊಸಬರೆಷ್ಟು, ಅವರಲ್ಲಿ ಎರಡನೆಯ ಸಲ ಬಂದವರೆಷ್ಟು ಎಂದು ವಹಿಯಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಹಳೆಯ ಗಿರಾಕಿಗಳಿಗೆ ಮರಳಿ ಹೋಗುವ 15,000 ರೂಪಾಯಿಯೇ ದೊಡ್ಡ ಹೊರೆಯಾದ್ದರಿಂದ, ಸಾಧ್ಯವಾದರೆ ಕಡಿಮೆ ಬೆಲೆಯನ್ನು ಹೊಸ ಮಾರಾಟಕ್ಕಷ್ಟೇ ಸೀಮಿತಗೊಳಿಸಬಹುದು. ವಸತಿಗೃಹಕ್ಕೋ ಖಾನಾವಳಿಗೋ ಒಮ್ಮೆಗೆ 20 ಕಟ್ಟು ಒಯ್ಯುವವರಿಗೆ 90 ರೂಪಾಯಿ, ಬಿಡಿಯಾಗಿ ಕೊಳ್ಳುವವರಿಗೆ ಮೊದಲಿನಂತೆ 100 ಎಂದು ಗೊತ್ತುಮಾಡಿದರೆ ಹೊಸ ಕಟ್ಟಿನ 30 ರೂಪಾಯಿ ಪೂರ್ತಿ ಕೈಗೆ ಬರುತ್ತದೆ. ಹಳೆಯ ಗಿರಾಕಿಗಳು ಸೇರಿಕೊಂಡು 200 ಕಟ್ಟನ್ನು ಸಗಟಿನ ಬೆಲೆಗೆ ಒಯ್ಯತೊಡಗಿದರೂ ಹೋಗುವುದು 2,000 ರೂಪಾಯಿ, ಅದನ್ನು ತುಂಬಲು 67 ಹೊಸ ಕಟ್ಟು ಸಾಕು. 500ಕ್ಕೂ 67ಕ್ಕೂ ಇರುವ ಅಂತರ ನೋಡಿದರೆ, ಎಲ್ಲರಿಗೂ ಬೆಲೆ ಇಳಿಸುವ ಮೊದಲು ಈ ದಾರಿಯನ್ನು ನೋಡಲೇಬೇಕೆಂದು ನನ್ನ ಅಭಿಪ್ರಾಯ.

ಕೊನೆಯದಾಗಿ, ಪಕ್ಕದ ಕೇಂದ್ರದವರೇ ಮೊದಲು 90ಕ್ಕೆ ಇಳಿಸಿಬಿಟ್ಟರೆ ಏನು ಮಾಡಬೇಕು? ಇಲ್ಲಿ ಅದೇ ಲೆಕ್ಕವನ್ನು ತಿರುವಿ ಹಾಕಬೇಕು. ನಾವೂ ಇಳಿಸಿ ನಮ್ಮ 1,500 ಕಟ್ಟನ್ನು ಪೂರ್ತಿ ಉಳಿಸಿಕೊಂಡೆವೆಂದರೂ ಉಳಿಕೆ 45,000 ರೂಪಾಯಿ. ಇಳಿಸದೆ 100 ರೂಪಾಯಿಯಲ್ಲಿಯೇ ನಿಂತರೆ 45,000 ಗಳಿಸಲು 1,125 ಕಟ್ಟು ಸಾಕು. ಅಂದರೆ 375 ಕಟ್ಟು ಕಳೆದುಕೊಂಡರೂ, ಬೆಲೆ ಇಳಿಸಿದಾಗ ಆಗುತ್ತಿದ್ದ ಸ್ಥಿತಿಗಿಂತ ಕೆಳಗೆ ಹೋಗುವುದಿಲ್ಲ, ಹಂಚಿನ ಮುಂದಿನ ದುಡಿಮೆಯೂ ಕಡಿಮೆ. ದಿನದ ಮಾರಾಟ 60 ಕಟ್ಟಿನಿಂದ 52ಕ್ಕೋ 50ಕ್ಕೋ ಇಳಿದಾಗ ಗಾಬರಿಯಾಗುವುದು ಸಹಜ, ಆದರೆ ಈ ಕೇಂದ್ರದ ಗೆರೆ ಇರುವುದು 45ರಲ್ಲಿ. ಹಬ್ಬವಿಲ್ಲದ ಸಾಧಾರಣ ವಾರಗಳಲ್ಲಿ ಮಾರಾಟ ಸತತವಾಗಿ ದಿನಕ್ಕೆ 45 ಕಟ್ಟಿಗಿಂತ ಕೆಳಗೆ ನಿಂತಾಗ ಮಾತ್ರ ಬೆಲೆ ಇಳಿಸುವ ಹಾಳೆಯನ್ನು ಮತ್ತೆ ಕೈಗೆತ್ತಿಕೊಳ್ಳಬೇಕು, ಅದೂ ಅಂದಿನ ಜೋಳದ ದರವನ್ನು ಹಾಕಿಕೊಂಡು, ಹೊಸದಾಗಿ ಉಳಿಕೆ ಲೆಕ್ಕ ಮಾಡಿ.

ನಮಸ್ಕಾರ.