ಮೂರು ಪ್ಯಾಕೆಟ್ ಎಣ್ಣೆಯ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ದಿನಸಿ ಅಂಗಡಿಗೆ ಹೋಗಿ ಯಾವ ಎಣ್ಣೆ ಒಳ್ಳೇದು ಅಂತ ಕೇಳಿ ನೋಡಿ. ಯಾವುದರ ಸ್ಟಾಕ್ ಜಾಸ್ತಿ ಇದೆಯೋ ಅದೇ ಒಳ್ಳೇದಾಗಿರುತ್ತದೆ! ನಾವು ಇವತ್ತು ಮನೆಯ ಕಡೆಯಿಂದ ಲೆಕ್ಕ ಹಾಕೋಣ.

ತೀರ್ಥಹಳ್ಳಿ ಕಡೆಯ ನಾಲ್ಕು ಜನರ ಮನೆ ಅಂದುಕೊಳ್ಳಿ. ಐದು ಲೀಟರ್ ಸೂರ್ಯಕಾಂತಿ ಎಣ್ಣೆಯ ಕ್ಯಾನ್ ತರುತ್ತಾರೆ, ತಿಂಗಳಿಗೆ ಮುಗಿಯುತ್ತದೆ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅಂದರೆ ದಿನಕ್ಕೆ ತಲೆಗೆ 38 ಗ್ರಾಂ. ಕೂತು ಕೆಲಸ ಮಾಡುವವರಿಗೆ ತುಪ್ಪವೂ ಸೇರಿ 20ರಿಂದ 25 ಗ್ರಾಂ ಸಾಕು. ತೋಟದಲ್ಲಿ ದಿನವಿಡೀ ದುಡಿಯುವವರಿಗೆ ಇನ್ನು ಸ್ವಲ್ಪ ಜಾಸ್ತಿ ಆದರೂ ನಡೆಯುತ್ತದೆ. ತಲೆಗೆ 25 ಗ್ರಾಂ ಅಂತ ಹಿಡಿದರೆ ಈ ಮನೆಗೆ ತಿಂಗಳಿಗೆ ಬೇಕಾದದ್ದು ಮೂರು ಕೆ.ಜಿ. ಜಿಡ್ಡು. ಕಾಲು ಕೆ.ಜಿ. ತುಪ್ಪ ತೆಗೆದಿಟ್ಟರೆ ಉಳಿಯುವುದು ಒಂದು ಲೀಟರಿನ ಮೂರು ಪ್ಯಾಕೆಟ್.

ನಮ್ಮ ಕಡೆ ಇದಲ್ಲದೆ ತೆಂಗಿನಕಾಯಿ ಇದೆ, ಅಲ್ವಾ? ಕಾಯಿ ಹಾಕದ ಸಾರು, ಪಲ್ಯ ಎಷ್ಟು ಮನೆಯಲ್ಲಿ ಮಾಡುತ್ತಾರೆ? ತುರಿಯ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಜಿಡ್ಡೇ. ಅದರಲ್ಲಿ ಬಹುಪಾಲು ಮಿತಿಯಲ್ಲಿರಬೇಕಾದ ಸ್ಯಾಚುರೇಟೆಡ್ ಕೊಬ್ಬು, ತುಪ್ಪದಲ್ಲೂ ಹಾಗೇ. ಆ ಕೋಟಾ ಅಲ್ಲೇ ತುಂಬಿ ಹೋಗುವುದರಿಂದ ಮಲೆನಾಡಿನವರು ಅದೇ ಕೊಬ್ಬು ಜಾಸ್ತಿ ಇರುವ ಪಾಮ್ ಎಣ್ಣೆಯನ್ನು ಮನೆಗೆ ತರದಿದ್ದರೆ ಒಳ್ಳೆಯದು.

ಇನ್ನು ಸೂರ್ಯಕಾಂತಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಮೇಗಾ 6 ಕೊಬ್ಬು. ಅದು ಬೇಕಾದದ್ದೇ, ಆದರೆ ಒಮೇಗಾ 3 ಕೂಡ ಜೊತೆಗೆ ಬೇಕು. ಸೂರ್ಯಕಾಂತಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಂತ ಈ ತಿಂಗಳು ಸೂರ್ಯಕಾಂತಿ, ಮುಂದಿನ ತಿಂಗಳು ಶೇಂಗಾ, ಆಮೇಲೆ ತೌಡಿನ ಎಣ್ಣೆ ಅಂತ ಬದಲಾಯಿಸುತ್ತಾ ಹೋದರೆ ಸರಿಹೋಯಿತಾ? ಒಮೇಗಾ 6 ತಗ್ಗುತ್ತದೆ, ನಿಜ. ಆದರೆ ಒಮೇಗಾ 3 ಬರುವುದಿಲ್ಲ. ಈ ಮೂರರಲ್ಲೂ ಅದು ತೀರಾ ಕಡಿಮೆ. ಕಂಪನಿ ಬದಲಾಯಿಸಿ ಅದೇ ಸೂರ್ಯಕಾಂತಿ ತಂದರಂತೂ ಏನೂ ಬದಲಾಗಲಿಲ್ಲ.

ಆ ಕೊರತೆ ತುಂಬುವುದು ಸಾಸಿವೆ ಎಣ್ಣೆ. ಅದರಲ್ಲಿ ಹತ್ತನೇ ಒಂದು ಭಾಗದಷ್ಟು ಒಮೇಗಾ 3 ಇರುತ್ತದೆ. ತಿಂಗಳಿಗೆ ಅರ್ಧ ಲೀಟರ್ ಬಳಸಿದರೆ ನಮ್ಮ ನಾಲ್ಕು ಜನರಿಗೆ ದಿನಕ್ಕೆ ತಲೆಗೆ ಸುಮಾರು 0.4 ಗ್ರಾಂ ಸಿಗುತ್ತದೆ. ಅದೊಂದನ್ನೇ ಬಳಸುವುದು ಬೇಡ. ಅದರಲ್ಲಿ ಎರುಸಿಕ್ ಆಮ್ಲ ಜಾಸ್ತಿ, ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಹೃದಯಕ್ಕೆ ತೊಂದರೆ ಕೊಟ್ಟಿದೆ. ಘಾಟು ನಮ್ಮ ನಾಲಿಗೆಗೆ ಒಗ್ಗುವುದೂ ಕಷ್ಟ. ಸಾರಿನ ಒಗ್ಗರಣೆಗೆ ಹಾಕಿದರೆ ಮನೆಯವರು ಊಟ ಬಿಟ್ಟು ಏಳಬಹುದು! ಹರಿವೆ ಸೊಪ್ಪಿನ ಪಲ್ಯಕ್ಕೆ, ಬದನೆಕಾಯಿಗೆ, ಮೀನು ಹುರಿಯಲು ಹಾಕಿ ನೋಡಿ. ಸೀಲ್ ಇರುವ ಬಾಟಲಿಯನ್ನೇ ತನ್ನಿ. 1998ರಲ್ಲಿ ದೆಹಲಿಯಲ್ಲಿ ಅರ್ಜೆಮೋನ್ ಎಂಬ ಕಳೆಗಿಡದ ಬೀಜದೆಣ್ಣೆ ಬೆರೆತ ಸಾಸಿವೆ ಎಣ್ಣೆಯಿಂದ ಜನ ಸತ್ತಿದ್ದಾರೆ. ವಾರಕ್ಕೆರಡು ಸಲ ಬಂಗುಡೆಯೋ ಬೂತಾಯಿಯೋ ತಿನ್ನುವ ಮನೆಯವರು ಸಾಸಿವೆ ಎಣ್ಣೆಗಾಗಿ ಒದ್ದಾಡಬೇಕಿಲ್ಲ. ಮೀನಿನಲ್ಲಿ ಒಮೇಗಾ 3 ಇನ್ನೂ ಚೆನ್ನಾಗಿ ಸಿಗುತ್ತದೆ.

ಉಳಿದ ಎರಡೂವರೆ ಲೀಟರಿಗೆ ಒಂದು ತಿಂಗಳು ಶೇಂಗಾ, ಒಂದು ತಿಂಗಳು ತೌಡಿನ ಎಣ್ಣೆ. ಸೂರ್ಯಕಾಂತಿ ಬಿಡಲು ಮನಸ್ಸಿಲ್ಲದಿದ್ದರೆ ಅದರಲ್ಲಿ ಒಂದು ಲೀಟರ್ ಅದೇ ಇರಲಿ.

ತೌಡು ಅಂದರೆ ನಮಗೆ ದನದ ನೆನಪು. ಗಿರಣಿಯಿಂದ ಹೊರಬಿದ್ದ ತೌಡಿನ ಜಿಡ್ಡು ಕೆಲವೇ ಗಂಟೆಗಳಲ್ಲಿ ಕೆಡತೊಡಗುತ್ತದೆ. ಹಾಗಾಗಿ ಅದನ್ನು ಬೇಗ ಬಿಸಿ ಮಾಡಿ, ದ್ರಾವಕದಿಂದ ಎಣ್ಣೆ ತೆಗೆದು, ಶುದ್ಧ ಮಾಡಿ ಮಾರುತ್ತಾರೆ. ಗಾಣದ ತೌಡೆಣ್ಣೆ ಅಂತ ಯಾರಾದರೂ ಮಾರಿದರೆ ಎರಡು ಸಲ ಯೋಚಿಸಿ. ತೌಡಿನ ಎಣ್ಣೆಯಲ್ಲಿರುವ ಒರೈಜನಾಲ್ ಎಂಬ ಅಂಶ ಕೆಟ್ಟ ಕೊಲೆಸ್ಟ್ರಾಲ್ ಸ್ವಲ್ಪ ತಗ್ಗಿಸಲು ಸಹಾಯ ಮಾಡುತ್ತದೆ.

ಗಾಣದೆಣ್ಣೆಯ ರುಚಿ ಬೇಕು ಅಂದರೆ ಅದು ಶೇಂಗಾದಲ್ಲಿದೆ. ಚಳ್ಳಕೆರೆ ಕಡೆಯ ಒಣ ಹವೆಯಲ್ಲಿ ಅದಕ್ಕೆ ತೊಂದರೆ ಕಡಿಮೆ. ನಮ್ಮ ಮಳೆಗಾಲದ ಕಥೆಯೇ ಬೇರೆ. ತೇವಕ್ಕೆ ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿರಬಹುದು. ಗಾಣದಲ್ಲಿ ಅರೆದು ಸೋಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಗಾಣದವರ ಹತ್ತಿರ ಕಾಳು ತೋರಿಸಲು ಕೇಳಿ. ಮುದುಡಿದ, ಕಪ್ಪಾದ, ಹಸಿರು ಬೂಷ್ಟಿನ ಕಾಳು ಕಂಡರೆ ತರಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಸಲಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಕೊಳ್ಳುವುದೂ ಬೇಡ. ಕಮಟು ವಾಸನೆ ಬಂದ ಎಣ್ಣೆಯನ್ನು ಒಗ್ಗರಣೆಗೆ ಹಾಕಿ ಮುಗಿಸುವ ಆಸೆ ಬಿಡಿ, ದೇವರ ದೀಪಕ್ಕೆ ಇಡಿ.

ಇನ್ನು ಮಳೆ ಹಿಡಿದ ಸಂಜೆ ಹಲಸಿನ ಹಪ್ಪಳ ಕರಿಯದಿರುವವರು ಯಾರು? ಅದಕ್ಕೆ ಶೇಂಗಾ ಅಥವಾ ತೌಡಿನ ಎಣ್ಣೆ ಇರಲಿ. ಸೂರ್ಯಕಾಂತಿ ಕಾದಂತೆಲ್ಲ ಬೇಗ ಕೆಡುತ್ತದೆ. ಬಾಣಲೆಗೆ ಕಡಿಮೆ ಎಣ್ಣೆ ಹಾಕಿ, ಉಳಿದದ್ದನ್ನು ಸೋಸಿಟ್ಟು ಎರಡು ದಿನದೊಳಗೆ ಪಲ್ಯಕ್ಕೆ ಮುಗಿಸಿ. ಕಾಯಿಸುವಾಗ ನೊರೆ ಬಂದರೆ, ಮೊದಲಿಗಿಂತ ಬೇಗ ಹೊಗೆ ಎದ್ದರೆ, ಕೈಗೆ ಅಂಟಂಟಾದರೆ ಅದನ್ನು ಚೆಲ್ಲಿಬಿಡಿ.

ನಮಸ್ಕಾರ.