ಲೂಪಿನೊಳಗಿನ ಲೂಪ್ ಯಾಕೆ ತೆವಳುತ್ತದೆ?

ನಮಸ್ಕಾರ ಕೇಳುಗರೇ. ಪ್ರೋಗ್ರಾಮಿಂಗ್ ಕಲಿಯುವವರಿಗೆಲ್ಲ ಸಿಗುವ ಒಂದು ಅಭ್ಯಾಸ ಇದೆ. ಒಂದು ಲಿಸ್ಟ್ ತುಂಬ ಸಂಖ್ಯೆಗಳು. ಅದರಲ್ಲಿ ಯಾವುದಾದರೂ ಎರಡು ಸಲ ಬಂದಿದೆಯಾ ಎಂದು ಹೇಳಬೇಕು. ಇವತ್ತು ಇದೊಂದನ್ನೇ ಹಿಡಿದು ಮಾತಾಡೋಣ.

ಮೊದಲು ಹೊಳೆಯುವ ದಾರಿ ಸುಲಭದ್ದು. ಒಂದು ಸಂಖ್ಯೆ ತಗೊಳ್ಳಿ, ಅದರ ಮುಂದಿರುವ ಪ್ರತಿಯೊಂದರ ಜೊತೆ ಹೋಲಿಸಿ. ಆಮೇಲೆ ಎರಡನೆಯದು, ಮೂರನೆಯದು. ಲೂಪಿನೊಳಗೆ ಇನ್ನೊಂದು ಲೂಪ್. ಹತ್ತು ಸಂಖ್ಯೆ ಕೊಟ್ಟು ನೋಡಿದರೆ ಉತ್ತರ ಸರಿ ಬರುತ್ತದೆ. ಸಾವಿರ ಕೊಟ್ಟರೂ ತಟ್ಟನೆ ಬರುತ್ತದೆ. ನಾನು ಕಲಿಯುವಾಗ ಇಷ್ಟಕ್ಕೇ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಒಂದು ಲಕ್ಷ ಸಂಖ್ಯೆ ಕೊಟ್ಟಾಗ ಪರದೆ ಸುಮ್ನೆ ನಿಂತುಬಿಟ್ಟಿತು. ತಪ್ಪು ಎಲ್ಲಿದೆ ಎಂದು ಹುಡುಕಿದೆ. ತಪ್ಪೇನೂ ಇರಲಿಲ್ಲ. ಪ್ರೋಗ್ರಾಮ್ ಇನ್ನೂ ಹೋಲಿಸುತ್ತಲೇ ಇತ್ತು.

ಓಡಿಸುವ ಮೊದಲೇ ಇದನ್ನು ಲೆಕ್ಕ ಹಾಕಬಹುದಿತ್ತು. ಸಂಖ್ಯೆಗಳು n ಇದ್ದರೆ ಜೋಡಿಗಳು n(n−1)/2. ಸಾವಿರಕ್ಕೆ ಸುಮಾರು 5 ಲಕ್ಷ ಹೋಲಿಕೆ. ಹತ್ತು ಸಾವಿರಕ್ಕೆ ಹತ್ತಿರ ಹತ್ತಿರ 5 ಕೋಟಿ. ಒಂದು ಲಕ್ಷಕ್ಕೆ 500 ಕೋಟಿ. ಪೈಥಾನ್ ಲೂಪ್ ಸೆಕೆಂಡಿಗೆ ಎರಡು ಕೋಟಿ ಹೋಲಿಕೆ ಮಾಡುತ್ತದೆ ಎಂದಿಟ್ಟುಕೊಳ್ಳಿ. ಯಂತ್ರದಿಂದ ಯಂತ್ರಕ್ಕೆ ಇದು ಬೇರೆ, ಆದರೆ ಅಂದಾಜಿಗೆ ಸಾಕು. ಆಗ ಸಾವಿರ ಸಂಖ್ಯೆಗೆ ಸೆಕೆಂಡಿನ ನಲವತ್ತನೇ ಒಂದು ಭಾಗ. ಹತ್ತು ಸಾವಿರಕ್ಕೆ ಎರಡೂವರೆ ಸೆಕೆಂಡು. ಲಕ್ಷಕ್ಕೆ ನಾಲ್ಕು ನಿಮಿಷದ ಮೇಲೆ. ಹತ್ತು ಲಕ್ಷಕ್ಕೆ ಸುಮಾರು ಏಳು ಗಂಟೆ! ಸಂಖ್ಯೆಗಳು ಹತ್ತು ಪಟ್ಟು ಆದಾಗಲೆಲ್ಲ ಸಮಯ ನೂರು ಪಟ್ಟು ಆಗುತ್ತಿದೆ, ಅಲ್ವಾ? ಇದನ್ನೇ `O(n²)` ಎನ್ನುತ್ತೇವೆ. ಹೀಗೆ ಬರೆಯುವ ರೀತಿಯ ಹೆಸರು ಬಿಗ್ ಓ. ಅರ್ಧ ಎಂಬ ಭಾಗಾಕಾರವನ್ನು ಅದು ಬಿಟ್ಟುಬಿಡುತ್ತದೆ. n ಬೆಳೆದಾಗ ಕೆಲಸ ಎಷ್ಟು ಬೇಗ ಬೆಳೆಯುತ್ತದೆ ಎಂಬುದಷ್ಟೇ ಅದಕ್ಕೆ ಬೇಕು.

ಇನ್ನೊಂದು ದಾರಿ ಇದೆ. ಸಂಖ್ಯೆಗಳನ್ನು ಮೊದಲು ಏರಿಕೆ ಕ್ರಮದಲ್ಲಿ ಜೋಡಿಸಿ. ಒಂದೇ ಥರದವು ಪಕ್ಕಪಕ್ಕ ಬಂದು ಕೂರುತ್ತವೆ. ಆಮೇಲೆ ಅಕ್ಕಪಕ್ಕದವನ್ನು ಮಾತ್ರ ನೋಡಿದರೆ ಆಯಿತು. ಜೋಡಿಸುವ ಕೆಲಸ `O(n log n)`. ಇಲ್ಲಿ log n ಎಂದರೆ n ಅನ್ನು ಎಷ್ಟು ಸಲ ಅರ್ಧ ಮಾಡಿದರೆ ಒಂದಕ್ಕೆ ಬರುತ್ತೇವೆ ಎಂಬ ಲೆಕ್ಕ. ಲಕ್ಷವನ್ನು ಅರ್ಧ ಮಾಡುತ್ತಾ ಹೋದರೆ ಸುಮಾರು 17 ಸಲಕ್ಕೆ ಒಂದಕ್ಕೆ ಬರುತ್ತೇವೆ. ಹಾಗಾಗಿ ಲಕ್ಷಕ್ಕೆ 17 ಲಕ್ಷದ ಆಸುಪಾಸು ಹೋಲಿಕೆ. 500 ಕೋಟಿಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ಈಗ ತುಂಬ ಜನ ಜಾರಿ ಬೀಳುವ ಜಾಗಕ್ಕೆ ಬರೋಣ. ಕೆಲವರು ಒಂದೇ ಲೂಪ್ ಬರೆಯುತ್ತಾರೆ. ನೋಡಿದ ಸಂಖ್ಯೆಗಳನ್ನು `seen` ಎಂಬ ಲಿಸ್ಟಿಗೆ ಸೇರಿಸುತ್ತಾ, ಹೊಸದು ಬಂದಾಗಲೆಲ್ಲ `if x in seen` ಎಂದು ಕೇಳುತ್ತಾರೆ. ಕಣ್ಣಿಗೆ ಕಾಣುವುದು ಒಂದೇ ಲೂಪ್, ಹಾಗಾಗಿ `O(n)` ಅನ್ನಿಸುತ್ತದೆ. ಆದರೆ ಲಿಸ್ಟಿನಲ್ಲಿ `in` ಎಂದರೆ ಮೊದಲಿಂದ ಒಂದೊಂದನ್ನೇ ನೋಡುತ್ತಾ ಹೋಗುವುದು. ಎರಡನೆಯ ಲೂಪ್ ಆ ಪುಟ್ಟ ಪದದೊಳಗೆ ಅಡಗಿ ಕೂತಿದೆ. ಪೈಥಾನ್ ಅದನ್ನು ಒಳಗೊಳಗೇ ಚುರುಕಾಗಿ ಮಾಡುತ್ತದೆ, ಅದಕ್ಕೇ ಸ್ವಲ್ಪ ತಡವಾಗಿ ಗೊತ್ತಾಗುತ್ತದೆ. ಬೆಳೆಯುವ ರೀತಿ ಮಾತ್ರ ಅದೇ.

`seen` ಅನ್ನು `set()` ಮಾಡಿ, `append` ಬದಲು `add` ಬರೆಯಿರಿ. ಸೆಟ್ ಪ್ರತಿ ಸಂಖ್ಯೆಯಿಂದ ಅದು ಇರಬೇಕಾದ ಜಾಗವನ್ನು ಲೆಕ್ಕ ಹಾಕಿ, ನೇರ ಅಲ್ಲಿಗೇ ಹೋಗಿ ನೋಡುತ್ತದೆ. ಸಾಮಾನ್ಯವಾಗಿ ಒಂದೆರಡು ಹೆಜ್ಜೆಯ ಕೆಲಸ. ಈಗ ಒಟ್ಟು ಕೆಲಸ ನಿಜವಾಗಿಯೂ `O(n)`. ಇದಕ್ಕೆ ತೆರುವ ಬೆಲೆ ಮೆಮೊರಿ. ಸೆಟ್ ಲಿಸ್ಟಿಗಿಂತ ಜಾಸ್ತಿ ಜಾಗ ತಿನ್ನುತ್ತದೆ. ಐವತ್ತು ಸಂಖ್ಯೆ ಅಷ್ಟೇ ಇದ್ದರೆ ಎರಡು ಲೂಪನ್ನೇ ಬಿಡಿ, ತೊಂದರೆ ಇಲ್ಲ.

ನಿಮ್ಮ ಪ್ರೋಗ್ರಾಮ್ ಯಾವ ಜಾತಿಯದು ಎಂದು ಅನುಮಾನ ಬಂದರೆ ಇನ್‌ಪುಟ್ ಎರಡು ಪಟ್ಟು ಮಾಡಿ ಸಮಯ ಅಳೆಯಿರಿ. ಸಮಯವೂ ಎರಡು ಪಟ್ಟಿನ ಹತ್ತಿರ ಬಂದರೆ `O(n)` ಅಥವಾ `O(n log n)`. ನಾಲ್ಕು ಪಟ್ಟಾದರೆ `O(n²)`. ಒಂದು ಸೆಕೆಂಡಾದರೂ ಹಿಡಿಯುವ ಇನ್‌ಪುಟ್‌ನಿಂದ ಶುರು ಮಾಡಿ. ಅದಕ್ಕಿಂತ ಚಿಕ್ಕದಾದರೆ ಪ್ರೋಗ್ರಾಮ್ ಶುರುವಾಗುವ ಸಮಯವೇ ಅಳತೆಯನ್ನು ಕೆಡಿಸುತ್ತದೆ.

ಮತ್ತೆ, ಒಂದೂ ಎರಡು ಸಲ ಬರದ ಸಂಖ್ಯೆಗಳನ್ನೇ ಕೊಡಿ. ಸಿಕ್ಕ ಕೂಡಲೇ ನಿಲ್ಲುವ ಪ್ರೋಗ್ರಾಮಿಗೆ ಮೊದಲೆರಡು ಸಂಖ್ಯೆ ಒಂದೇ ಆಗಿದ್ದರೆ, ಹಿಂದೆ ಹತ್ತು ಲಕ್ಷ ಇದ್ದರೂ ಒಂದೇ ಹೋಲಿಕೆಗೆ ಮುಗಿಯುತ್ತದೆ. ಎರಡು ಲೂಪಿನ ಪ್ರೋಗ್ರಾಮೂ ಆಗ ಚುರುಕಾಗಿಯೇ ಕಾಣುತ್ತದೆ. ನಮಸ್ಕಾರ.